ಒಸರುವ ನೀರು, ಬೆವರುವ ಉಕ್ಕು

ಗಾಳಿಯನ್ನು ಒತ್ತಿ ತುಂಬಿಡುವ ಉಕ್ಕಿನ ಟ್ಯಾಂಕುಗಳನ್ನು ತಯಾರಿಸುವ ಒಂದು ಕಾರ್ಖಾನೆಯವರು ಟ್ಯಾಂಕಿಗೆ ನೀರು ತುಂಬಿ ಒತ್ತಡ ಹೇರಿ ಅದರ ಗಟ್ಟಿತನ ಪರೀಕ್ಷಿಸುವ ತಮ್ಮ ಹೈಡ್ರೋ ಟೆಸ್ಟಿನ ಇಂಗ್ಲಿಷ್ ವಿಧಾನಪತ್ರವನ್ನು ಕನ್ನಡಕ್ಕೆ ತಂದುಕೊಡಿ ಎಂದು ಕೇಳಿದಾಗ, ಎರಡು ಪುಟಗಳ ಕೆಲಸ ಒಂದು ಸಂಜೆಗೆ ಮುಗಿದೀತೆಂದು ಎಣಿಸಿದ್ದೆ. ವೆಲ್ಡಿಂಗ್, ಗೇಜ್, ವಾಲ್ವ್, ಪಂಪ್ ಮುಂತಾದ ಪದಗಳು ತೊಂದರೆ ಕೊಡಲಿಲ್ಲ. ಅಲ್ಲಿ ದುಡಿಯುವವರು ಆಡುವಂತೆಯೇ ಅವನ್ನು ಬರೆದೆ. ನನ್ನನ್ನು ನಾಲ್ಕು ದಿನ ತಡೆದು ನಿಲ್ಲಿಸಿದವು ‘ಏರಿಸಿ’, ‘ಬಿಟ್ಟು’, ‘ನೋಡಿ’ ಎಂಬ ಸಾದಾ ಕ್ರಿಯಾಪದಗಳು.

ಉದಾಹರಣೆಗೆ 1,000 ಲೀಟರ್ ಹಿಡಿಸುವ, 1 ಮೀಟರ್ ವ್ಯಾಸದ, 8 ಮಿಲಿಮೀಟರ್ ದಪ್ಪ ಉಕ್ಕಿನ ಟ್ಯಾಂಕೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಅನುಮತಿಸಿದ ಗರಿಷ್ಠ ಕೆಲಸದ ಒತ್ತಡ 10 ಬಾರ್. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎ.ಎಸ್.ಎಂ.ಇ.ಯ ಸಂಹಿತೆಯಲ್ಲಿ ಎಂಟನೆಯ ಭಾಗದ ಮೊದಲ ವಿಭಾಗದ ಪ್ರಕಾರ ಪರೀಕ್ಷೆಯ ಒತ್ತಡ ಇದರ 1.3 ಪಟ್ಟಾದರೂ ಇರಬೇಕು, ಅಂದರೆ 13 ಬಾರ್. ಈ ಲೆಕ್ಕವನ್ನು ಇನ್ನೊಂದು ಅನುಪಾತದಿಂದಲೂ ಗುಣಿಸಬೇಕಾಗುತ್ತದೆ: ಪರೀಕ್ಷೆಯ ತಾಪಮಾನದಲ್ಲಿ ಉಕ್ಕು ಹೊರಬಹುದಾದ ಸ್ಟ್ರೆಸ್ಸಿಗೂ ಕೆಲಸದ ತಾಪಮಾನದಲ್ಲಿ ಹೊರಬಹುದಾದ ಸ್ಟ್ರೆಸ್ಸಿಗೂ ಇರುವ ಅನುಪಾತ. ನಮ್ಮ ಟ್ಯಾಂಕಿನಲ್ಲಿ ಅದು 1. ನನ್ನ ಮೊದಲ ಕರಡಿನಲ್ಲಿ ಪ್ರೆಶರ್, ಸ್ಟ್ರೆಸ್ ಎರಡಕ್ಕೂ ‘ಒತ್ತಡ’ ಎಂದೇ ಬರೆದು, ಒತ್ತಡವನ್ನು ಒತ್ತಡಗಳ ಅನುಪಾತದಿಂದ ಗುಣಿಸುವ ಅರ್ಥವಿಲ್ಲದ ವಾಕ್ಯವೊಂದನ್ನು ಕಟ್ಟಿದ್ದೆ. ನೀರು ಗೋಡೆಯನ್ನು ಒತ್ತುವುದು ಒತ್ತಡ. ಅದನ್ನು ತಡೆಯಲು ಗೋಡೆಯ ಉಕ್ಕಿನೊಳಗೆ ಹುಟ್ಟುವ ಬಿಗಿತ ಸ್ಟ್ರೆಸ್. ಈ ಎರಡನ್ನು ಒಂದೇ ಪದಕ್ಕೆ ಕಟ್ಟಿಹಾಕುವ ನಮ್ಮ ರೂಢಿಯನ್ನು ಇಂಥ ಕಡೆಯಲ್ಲಾದರೂ ಬಿಡಬೇಕು.

ಪರೀಕ್ಷೆಗೆ ನೀರೇ ಏಕೆ ಎಂದು ಕೇಳಿದರೆ ಹೆಚ್ಚಿನವರು ನೀರು ಕುಗ್ಗುವುದಿಲ್ಲ, ಅದಕ್ಕೇ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಫ್ಲಾರೆನ್ಸಿನ ಅಕಾಡೆಮಿಯಾ ದೆಲ್ ಚಿಮೆಂತೋದ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ಅವರು ಬೆಳ್ಳಿಯ ಗೋಳದಲ್ಲಿ ನೀರು ತುಂಬಿ, ಬಾಯಿಯನ್ನು ತಿರುಪಿನಿಂದ ಭದ್ರಪಡಿಸಿ, ಸುತ್ತಿಗೆಯಿಂದ ಹೊಡೆದರು. ನೀರು ಕುಗ್ಗುವ ಬದಲು ಬೆಳ್ಳಿಯ ಮೈಯಿಂದ ಒಸರಿತು. ನನ್ನ ಕಣ್ಣಿಗೆ ಇದು ಹೈಡ್ರೋ ಟೆಸ್ಟಿನ ಪೂರ್ವಜನಂತೆ ಕಾಣುತ್ತದೆ, ಆದರೆ ಅವರು ತೆಗೆದ ತೀರ್ಮಾನ ತಪ್ಪು. 1762ರಲ್ಲಿ ಇಂಗ್ಲೆಂಡಿನ ಜಾನ್ ಕ್ಯಾಂಟನ್ ನೀರು ಅತ್ಯಲ್ಪವಾಗಿಯಾದರೂ ಕುಗ್ಗುತ್ತದೆಂದು ಅಳೆದು ತೋರಿಸಿದ. ನಮ್ಮ ಟ್ಯಾಂಕನ್ನು 13 ಬಾರಿಗೆ ಏರಿಸಿದಾಗ ಒಳಗಿನ ನೀರು ಸುಮಾರು 0.6 ಲೀಟರಿನಷ್ಟು ಕುಗ್ಗುತ್ತದೆ, ಉಕ್ಕಿನ ಗೋಡೆ ಸುಮಾರು 0.8 ಲೀಟರಿನಷ್ಟು ಹಿಗ್ಗುತ್ತದೆ. ಹೀಗಾಗಿ ಬಾಯಿಮಟ್ಟ ತುಂಬಿದ ಟ್ಯಾಂಕಿಗೆ ಪಂಪು ಇನ್ನೂ ಒಂದೂವರೆ ಲೀಟರಿನಷ್ಟು ನೀರು ತುರುಕಿದರೆ ಸಾಕು.

ಇಷ್ಟು ಸಣ್ಣ ಹಿಗ್ಗು ಕುಗ್ಗಿನಲ್ಲಿ ಕೂಡಿಟ್ಟ ಶಕ್ತಿ ಒಂದು ಕಿಲೋಜೂಲಿನಷ್ಟೂ ಇರುವುದಿಲ್ಲ. ಅದೇ ಟ್ಯಾಂಕಿಗೆ 13 ಬಾರ್ ಗಾಳಿ ತುಂಬಿದರೆ ಕೂಡುವ ಶಕ್ತಿ ಸುಮಾರು 1,850 ಕಿಲೋಜೂಲ್, ಅಂದರೆ ಎರಡು ಸಾವಿರ ಪಟ್ಟು. ಗಾಳಿ ತುಂಬಿದ ಟ್ಯಾಂಕು ಹೆದೆಯೇರಿಸಿ ಎಳೆದು ಹಿಡಿದ ಬಿಲ್ಲು. ನೀರು ತುಂಬಿದ್ದು ಹೆಚ್ಚೆಂದರೆ ಬಿಗಿದ ವೀಣೆಯ ತಂತಿ, ಹರಿದರೆ ಒಮ್ಮೆ ಸದ್ದಾಗಿ ಸುಮ್ಮನಾಗುತ್ತದೆ. ಆದ್ದರಿಂದ ನೀರು ತುಂಬುವಾಗ ಅತಿ ಎತ್ತರದ ವೆಂಟ್ ವಾಲ್ವನ್ನು ತೆರೆದಿಟ್ಟು, ಗುಳ್ಳೆಗಳು ನಿಂತು ಬರಿ ನೀರು ಹರಿಯುವ ತನಕ ಕಾಯಬೇಕು. ಟ್ಯಾಂಕಿನ ಮೇಲ್ತುದಿಯಲ್ಲಿ 5 ಲೀಟರ್ ಗಾಳಿ ಉಳಿದರೂ ಅದನ್ನು ಒತ್ತಲು ಸುಮಾರು ನಾಲ್ಕೂವರೆ ಲೀಟರ್ ನೀರು ಹೆಚ್ಚಿಗೆ ಬೇಕಾಗುತ್ತದೆ. ಪಂಪು ಹೊಡೆಯುತ್ತಲೇ ಇದ್ದು ಗೇಜಿನ ಮುಳ್ಳು ಮೇಲೇಳದೆ ಇದ್ದರೆ, ಸೋರಿಕೆ ಕಾಣದಿದ್ದಾಗ, ಒಳಗೆ ಗಾಳಿ ಇದೆಯೆಂದು ತಿಳಿಯಬೇಕು.

ಈಗ ಕ್ರಿಯಾಪದಗಳ ವಿಷಯ. ‘13 ಬಾರಿಗೆ ಏರಿಸಿ 30 ನಿಮಿಷ ಬಿಟ್ಟು ಎಲ್ಲ ಜಾಯಿಂಟುಗಳನ್ನು ನೋಡಿ’ ಎಂದು ಬರೆದಿದ್ದೆ. ಓದಲು ಸಲೀಸಾದ ಕನ್ನಡ, ಆದರೆ ಅಪಾಯಕಾರಿ ಕನ್ನಡ. ‘ಏರಿಸಿ’ ಎಂಬುದು ‘ಏರಿಸಿದ ನಂತರ’ ಎಂದೂ ಆಗುತ್ತದೆ, ‘ಏರಿಸಿರಿ’ ಎಂಬ ಆಜ್ಞೆಯೂ ಆಗುತ್ತದೆ. ‘30 ನಿಮಿಷ ಬಿಟ್ಟು’ ಎಂದಾಗ ಎಣಿಕೆ ಪಂಪು ಶುರುವಾದಾಗಿನಿಂದಲೋ ಮುಳ್ಳು 13ರಲ್ಲಿ ನಿಂತಾಗಿನಿಂದಲೋ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಈ ವಾಕ್ಯ ಮನುಷ್ಯನನ್ನು 13 ಬಾರಿನಲ್ಲಿರುವ ಟ್ಯಾಂಕಿನ ಮೈಗೆ ಹತ್ತಿರ ಕಳಿಸುತ್ತದೆ. ಸಂಹಿತೆ ಅದನ್ನು ಕೇಳುವುದಿಲ್ಲ: ಪರೀಕ್ಷೆಯ ಒತ್ತಡ ಮುಟ್ಟಿದ ಮೇಲೆ, ಅದನ್ನು 1.3ರಿಂದ ಭಾಗಿಸಿದಷ್ಟಕ್ಕಿಂತ ಕಡಿಮೆಯಾಗದ ಒತ್ತಡದಲ್ಲಿ, ಅಂದರೆ ಇಲ್ಲಿ 10 ಬಾರಿಗೆ ಇಳಿಸಿ, ತಪಾಸಣೆ ಮಾಡಬಹುದು. ಹೀಗಾಗಿ ಒಂದು ವಾಕ್ಯವನ್ನು ಐದಾಗಿ ಒಡೆದೆ. ‘ಮುಳ್ಳು 13 ಬಾರಿನಲ್ಲಿ ನಿಂತ ಮೇಲೆ ಪಂಪಿನ ವಾಲ್ವನ್ನು ಮುಚ್ಚಬೇಕು. ಸಮಯದ ಎಣಿಕೆ ಆಗ ಶುರು. 30 ನಿಮಿಷ ಯಾರೂ ಟ್ಯಾಂಕಿನ ಬಳಿ ಹೋಗಬಾರದು. ಅನಂತರ ಒತ್ತಡವನ್ನು 10 ಬಾರಿಗೆ ಇಳಿಸಬೇಕು. ಆಮೇಲೆ ಮಾತ್ರ ಹತ್ತಿರ ಹೋಗಿ ಜಾಯಿಂಟುಗಳನ್ನು ನೋಡಬೇಕು.’

ಈ 30 ನಿಮಿಷ ಆ ಕಾರ್ಖಾನೆಯ ವಿಧಾನಪತ್ರದ್ದು, ಎ.ಎಸ್.ಎಂ.ಇ. ಸಂಹಿತೆಯ ಈ ಭಾಗ ಇಷ್ಟೇ ನಿಮಿಷವೆಂದು ಹೇಳುವುದಿಲ್ಲ. ಆ ಅವಧಿಯಲ್ಲಿ ಮುಳ್ಳು ಇಳಿದರೆ ಸೋರಿಕೆ, ಇಳಿಯದಿದ್ದರೆ ಪಾಸು ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ, ಮತ್ತು ಅದು ತಪ್ಪು. ಬೆಚ್ಚಗಾದ ನೀರು ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ, ಮುಚ್ಚಿದ ಈ ಟ್ಯಾಂಕಿನಲ್ಲಿ 1 ಡಿಗ್ರಿ ಸೆಲ್ಸಿಯಸ್ ತಾಪ ಏರಿದರೆ ಒತ್ತಡ ಸುಮಾರು 2 ಬಾರ್ ಏರುತ್ತದೆ, ಅಷ್ಟೇ ಇಳಿದರೆ ಅಷ್ಟೇ ಇಳಿಯುತ್ತದೆ. ಬಿಸಿಲು ಬಿದ್ದ ಟ್ಯಾಂಕಿನಲ್ಲಿ ನಿಜವಾದ ಸೋರಿಕೆಯೂ ಹೀಗೆ ಮರೆಯಾಗಬಹುದು. ಇದಕ್ಕೆ ಸರಳ ಲೆಕ್ಕವೊಂದಿದೆ: ಈ ಟ್ಯಾಂಕಿನಲ್ಲಿ 1 ಬಾರ್ ಇಳಿಯಬೇಕಾದರೆ ಸುಮಾರು 100 ಮಿಲಿಲೀಟರ್, ಅರ್ಧ ಲೋಟ ನೀರು, ಹೊರಗೆ ಬಂದಿರಬೇಕು. ತಾಪ ಬದಲಾಗಿಲ್ಲದಿದ್ದರೆ ಆ ಅರ್ಧ ಲೋಟ ಎಲ್ಲಿದೆ ಎಂದು ಹುಡುಕಬೇಕು. ಟ್ಯಾಂಕೂ ನೆಲವೂ ಒಣಗಿದ್ದರೆ ಪಂಪಿನ ಕಡೆಯ ವಾಲ್ವಿನ ಮೇಲೆ ಅನುಮಾನ ಪಡಬೇಕು. ಆದ್ದರಿಂದ ಗೇಜಿನ ಕಾಲಮಿನ ಪಕ್ಕದಲ್ಲಿ ತಾಪದ ಕಾಲಮೊಂದನ್ನೂ ಸೇರಿಸುವಂತೆ ಕೇಳಿ ಸೇರಿಸಿದೆ.

ತಪಾಸಣೆಯ ಹಂತದಲ್ಲಿ ಕನ್ನಡ ಇಂಗ್ಲಿಷಿಗಿಂತ ಶ್ರೀಮಂತವೆಂದು ನನಗೆ ಸಂತೋಷವಾಯಿತು. ಒದ್ದೆ ಕಾಣುವುದಕ್ಕೂ ತೊಟ್ಟಿಕ್ಕುವುದಕ್ಕೂ ನಡುವೆ ಒಸರು, ಜಿನುಗು ಎಂಬ ಪದಗಳಿವೆ, ಮತ್ತು ವೆಲ್ಡಿಂಗಿನಲ್ಲಿ ಅತಿ ಸಣ್ಣ ರಂಧ್ರವಿದ್ದಾಗ ಆಗುವುದೇ ಒಸರು. ಆದರೆ ಬೆವರು ಬೇರೆ. ಕರಾವಳಿಯ ಹಸಿ ಗಾಳಿಯಲ್ಲಿ ತಣ್ಣನೆಯ ಬಾವಿನೀರು ತುಂಬಿದರೆ ಟ್ಯಾಂಕಿನ ಮೈಯೆಲ್ಲ ಗಾಳಿಯ ತೇವದಿಂದಲೇ ಒದ್ದೆಯಾಗುತ್ತದೆ, ಆಗ ಒಸರನ್ನು ಗುರುತಿಸಲಾಗದು. ಉಕ್ಕೂ ನೀರೂ ಹೆಚ್ಚುಕಡಿಮೆ ಒಂದೇ ತಾಪಕ್ಕೆ ಬಂದ ಮೇಲೆಯೇ ಒತ್ತಡ ಹೇರಬೇಕೆಂಬ ನಿಯಮ ಇದಕ್ಕೂ ಉಪಯುಕ್ತ. ಅನುಮಾನವಿದ್ದಲ್ಲಿ ಬಟ್ಟೆಯಿಂದ ಒರೆಸಿ, ಟಾರ್ಚಿನ ಬೆಳಕಿನಲ್ಲಿ ಕಾಯಬೇಕು: ಬೆವರು ಒರೆಸಿದ ಜಾಗವೆಲ್ಲ ಸಮವಾಗಿ ಮರಳುತ್ತದೆ, ಒಸರು ಅದೇ ಒಂದು ಬಿಂದುವಿನಲ್ಲಿ ಮರಳುತ್ತದೆ. ಪರೀಕ್ಷೆಗೆಂದೇ ತಾತ್ಕಾಲಿಕವಾಗಿ ಮುಚ್ಚಿದ, ಮುಂದೆ ಪೈಪನ್ನು ವೆಲ್ಡ್ ಮಾಡಲಿರುವ ಬಾಯಿಗಳಲ್ಲಿ ಸೋರಿದರೆ ಅದನ್ನು ಟ್ಯಾಂಕಿನ ದೋಷವೆಂದು ಬರೆಯಬಾರದು.

ಕೊನೆಯ ವಾಕ್ಯವನ್ನು ನಾನು ಮೊದಲು ‘ನೀರು ಖಾಲಿ ಮಾಡಿ ವೆಂಟ್ ತೆರೆಯಿರಿ’ ಎಂದು ಬರೆದಿದ್ದೆ. ಅದನ್ನು ತಿರುಗಿಸಿ ಬರೆದೆ: ಒತ್ತಡ ಸೊನ್ನೆಗೆ ಬಂದ ಮೇಲೆ ಮೊದಲು ಮೇಲಿನ ವೆಂಟ್ ತೆರೆಯಬೇಕು, ಅನಂತರವೇ ಕೆಳಗಿನ ಡ್ರೈನ್. ಗಾಳಿ ಒಳಬರಲು ದಾರಿಯಿಲ್ಲದೆ ನೀರು ಇಳಿದರೆ ಒಳಗೆ ನಿರ್ವಾತ ಹುಟ್ಟುತ್ತದೆ. 8 ಮಿಲಿಮೀಟರಿನ ಈ ಸಣ್ಣ ಟ್ಯಾಂಕು ಅದನ್ನು ತಾಳಿಕೊಂಡೀತು, ಆದರೆ ಇದೇ ಕಾಗದ ಹಿಡಿದು ಅಗಲವಾದ, ತೆಳು ತಗಡಿನ ಟ್ಯಾಂಕಿಗೆ ಇದೇ ಕೆಲಸ ಮಾಡಿದರೆ, ಒಳಗಿನ ಒತ್ತಡವನ್ನು ತಾಳಿ ಪಾಸಾದ ಗೋಡೆ ಹೊರಗಿನ ಗಾಳಿಯ ಒತ್ತಡಕ್ಕೆ ಒಳಗೆ ಕುಸಿಯುತ್ತದೆ.