ಡೀಲರ್ ಮಾಲು ವಾಪಸ್ ಕಳಿಸಿದರೆ ಇನ್ಸೆಂಟಿವ್‌ನಿಂದ ಎಷ್ಟು ಮುರಿದುಕೊಳ್ಳಬಹುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳದ ಬೀಜ ಮಾರುವ ಕಂಪನಿಯ ಫೀಲ್ಡ್ ಆಫೀಸರ್. ಮುಂಗಾರಿಗೆ 40 ಲಕ್ಷದ ಟಾರ್ಗೆಟ್ ಇತ್ತು, 50 ಲಕ್ಷ ಬಿಲ್ಲಿಂಗ್ ಮಾಡಿದೆ. ಟಾರ್ಗೆಟ್‌ವರೆಗೆ 1%, ಅದರ ಮೇಲಿನದಕ್ಕೆ 2% ಅಂತ ಪ್ಲ್ಯಾನ್‌ನಲ್ಲಿದೆ. ಆಗಸ್ಟ್ ಸಂಬಳದ ಜೊತೆ 60,000 ರೂಪಾಯಿ ಬಂತು. ಈಗ ಅಕ್ಟೋಬರ್‌ನಲ್ಲಿ ಡೀಲರ್‌ಗಳು 14 ಲಕ್ಷದ ಮಾಲು ವಾಪಸ್ ಕೊಟ್ಟಿದ್ದಾರೆ, ಅದಕ್ಕೆ 28,000 ಮುರಿದುಕೊಳ್ಳುತ್ತೇವೆ ಅಂತ ಮೇಲ್ ಬಂದಿದೆ. ಕೊಟ್ಟ ರೊಕ್ಕ ಹಿಂಗ ವಾಪಸ್ ಕೇಳಬಹುದಾ? ಕೇಳಿದರೂ ಈ ಲೆಕ್ಕ ಸರಿನಾ?

ಉತ್ತರ: ನೀವು ಒಪ್ಪಿದ ಪ್ಲ್ಯಾನ್‌ನಲ್ಲಿ ರಿಕವರಿ, ಅಂದರೆ ಕ್ಲಾಬ್ಯಾಕ್ ಷರತ್ತು ಇದ್ದರೆ ಕೇಳಬಹುದು. ಆದರೆ 28,000 ಸರಿಯಲ್ಲ. ನೀವು ಕೊಟ್ಟ ಅಂಕಿಗಳ ಪ್ರಕಾರ ಹೆಚ್ಚೆಂದರೆ 24,000 ಆಗಬೇಕು. ರಿಟರ್ನ್ ಪಟ್ಟಿಯನ್ನು ಸರಿಯಾಗಿ ಜಾಲಾಡಿದರೆ ಅದು ಇನ್ನೂ ಇಳಿಯಬಹುದು.

ಮೊದಲು ಈ 28,000 ಎಲ್ಲಿಂದ ಬಂತು ನೋಡೋಣ. 14 ಲಕ್ಷಕ್ಕೆ 2% ಹಾಕಿದರೆ 28,000. ಅಂದರೆ ಲೆಕ್ಕ ಮಾಡಿದವರು ವಾಪಸ್ ಬಂದ ಪೂರ್ತಿ ಮಾಲಿಗೆ ಮೇಲಿನ ಸ್ಲ್ಯಾಬಿನ ದರ ಹಿಡಿದಿದ್ದಾರೆ. ಆದರೆ ನಿಮಗೆ 2% ಸಿಕ್ಕಿದ್ದೇ 10 ಲಕ್ಷಕ್ಕೆ. ಉಳಿದ 4 ಲಕ್ಷಕ್ಕೆ ನೀವು ಪಡೆದದ್ದು 1%. ಒಂದು ರೂಪಾಯಿ ಕೊಟ್ಟ ಕಡೆ ಎರಡು ರೂಪಾಯಿ ವಾಪಸ್ ಕೇಳಿದಂತಾಯಿತು. ಈ ಒಂದು ಮಾತನ್ನು ನಿಮ್ಮ ಮೇಲ್‌ನ ಮೊದಲ ಸಾಲಿನಲ್ಲಿ ಹಾಕಿ. ಇದಕ್ಕೆ ಎದುರು ವಾದ ಕಷ್ಟ.

ಸರಿಯಾದ ದಾರಿ ಮರುಲೆಕ್ಕ. ರಿಟರ್ನ್ ಕಳೆದ ಮೇಲೆ ನಿಮ್ಮ ನಿಜವಾದ ಮಾರಾಟ 36 ಲಕ್ಷ. ಸೀಸನ್ ಮುಗಿದಾಗಲೇ ಇದು ಗೊತ್ತಿದ್ದರೆ ಎಷ್ಟು ಕೊಡುತ್ತಿದ್ದರು? 36 ಲಕ್ಷಕ್ಕೆ 1%, ಅಂದರೆ 36,000. ಕೊಟ್ಟಿದ್ದು 60,000. ವ್ಯತ್ಯಾಸ 24,000. ಯಾವ ಬಿಲ್ಲಿನ ಮಾಲು ವಾಪಸ್ ಬಂತು, ಅದಕ್ಕೆ ಆಗ ಯಾವ ದರ ಇತ್ತು ಎಂಬ ಜಗ್ಗಾಟವೇ ಇಲ್ಲಿ ಇರುವುದಿಲ್ಲ. ಎಕ್ಸೆಲ್‌ನಲ್ಲಿ B2 ಮನೆಯಲ್ಲಿ ಮಾರಾಟ ಹಾಕಿ ಈ ಸೂತ್ರ ಬರೆದರೆ ಸಾಕು:

```
=MIN(B2,4000000)*1%+MAX(B2-4000000,0)*2%
```

5000000 ಹಾಕಿದರೆ 60,000 ಬರುತ್ತದೆ, 3600000 ಹಾಕಿದರೆ 36,000.

ಕೆಲವು ಕಂಪನಿಗಳ ಪ್ಲ್ಯಾನ್‌ನಲ್ಲಿ ಬಿಲ್‌ವಾರು ರಿಕವರಿ ಇರುತ್ತದೆ. ಯಾವ ಬಿಲ್ಲಿಗೆ ಯಾವ ದರದಲ್ಲಿ ಇನ್ಸೆಂಟಿವ್ ಕೊಟ್ಟಿದ್ದರೋ ಅದೇ ದರದಲ್ಲಿ ವಾಪಸ್. ಹಾಗಿದ್ದರೆ ಏಪ್ರಿಲ್‌ನಲ್ಲಿ ಬಿಲ್ ಆದ ಮಾಲು ವಾಪಸ್ ಬಂದರೆ 1%, ಜೂನ್ ಕೊನೆಯದು ಬಂದರೆ 2%. ಕೇಳಲು ಚೆನ್ನಾಗಿದೆ. ಆದರೆ ಬೀಜದ ಅಂಗಡಿಯಲ್ಲಿ ಮೊದಲು ಬಂದ ಚೀಲ ಮೊದಲು ಹೋಗಿರುತ್ತದೆ, ಉಳಿಯುವುದು ಕೊನೆಗೆ ಇಳಿಸಿದ ಮಾಲು. ಅದಕ್ಕೇ ಬಿಲ್‌ವಾರು ಲೆಕ್ಕ ಫೀಲ್ಡ್‌ನವರಿಗೆ ಲಾಭ ತರುವುದು ಕಡಿಮೆ. ನಿಮ್ಮ ಪ್ಲ್ಯಾನ್ ಈ ವಿಷಯದಲ್ಲಿ ಸುಮ್ಮನಿದ್ದರೆ ಮರುಲೆಕ್ಕವನ್ನೇ ಕೇಳಿ. ವಾಪಸ್ ಬಂದ 14 ಲಕ್ಷಕ್ಕೂ 1% ಹಿಡಿದು 14,000 ಸಾಕು ಎಂದು ಹಟ ಹಿಡಿದರೆ ವಾದ ಸೋಲುವ ಸಾಧ್ಯತೆಯೇ ಹೆಚ್ಚು.

ಒಂದು ಎಚ್ಚರ. ಪ್ಲ್ಯಾನ್‌ನಲ್ಲಿ ಕನಿಷ್ಠ ಮಿತಿ ಇದೆಯೇ ನೋಡಿ. 80% ಆಗದಿದ್ದರೆ ಇನ್ಸೆಂಟಿವ್ ಇಲ್ಲ ಎಂಬ ಷರತ್ತು ಬಹಳ ಕಡೆ ಇರುತ್ತದೆ. ನಿಮ್ಮ 36 ಲಕ್ಷ ಎಂದರೆ 90%, ಸದ್ಯ ಪಾರಾಗಿದ್ದೀರಿ. ಆದರೆ ನವೆಂಬರ್‌ನಲ್ಲಿ ಇನ್ನೂ 5 ಲಕ್ಷದ ಮಾಲು ವಾಪಸ್ ಬಂದರೆ 31 ಲಕ್ಷಕ್ಕೆ ಇಳಿಯುತ್ತೀರಿ, 80%ಗೆ ಬೇಕಾದ 32 ಲಕ್ಷ ಇರುವುದಿಲ್ಲ, ಆಗ ಪೂರ್ತಿ 60,000ವನ್ನೇ ಕೇಳಬಹುದು. ಒಂದೇ ಡೀಲರ್‌ನ ಒಂದು ಗಾಡಿ ಮಾಲು ಇಷ್ಟೊಂದು ನುಂಗಬಾರದು ಎಂದೇ ನಮ್ಮ ಅಭಿಪ್ರಾಯ. ಆದ್ದರಿಂದ ಆ ಮಿತಿ ಇನ್ಸೆಂಟಿವ್ ಕೊಡುವಾಗ ಮಾತ್ರ ಅನ್ವಯವೋ, ರಿಕವರಿಗೂ ಅನ್ವಯವೋ ಎಂದು ಈಗಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ರಿಟರ್ನ್ ಪಡೆಯಲು ಕೊನೆಯ ದಿನಾಂಕ ಯಾವುದು ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿ.

ಆ 14 ಲಕ್ಷ ನಿಮ್ಮದೇನಾ?

ದರದ ತಪ್ಪಿಗಿಂತ ದೊಡ್ಡ ತಪ್ಪು ಸಾಮಾನ್ಯವಾಗಿ ಇಲ್ಲಿರುತ್ತದೆ. ವಾಪಸ್ ಬಂದ ಮಾಲನ್ನು ಗೋದಾಮಿನವರು ಡೀಲರ್ ಕೋಡ್ ನೋಡಿ ಬರೆದುಕೊಳ್ಳುತ್ತಾರೆ. ಡೀಲರ್ ಕೋಡ್ ನಿಮ್ಮ ಏರಿಯಾಕ್ಕೆ ಸೇರಿದ್ದರೆ ರಿಟರ್ನ್ ತಾನಾಗಿ ನಿಮ್ಮ ತಲೆಗೆ. ಆದರೆ ರಾಣೆಬೆನ್ನೂರಿನ ಅಂಗಡಿಯವರು ಸೀಸನ್‌ನಲ್ಲಿ ಮಾಲು ಸಾಲದೆ ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ ಕಡೆಯಿಂದ ಐವತ್ತು ಚೀಲ ತರಿಸಿಕೊಂಡಿರುತ್ತಾರೆ. ಆ ಬಿಲ್ಲಿನ ಮಾರಾಟ ಧಾರವಾಡ ಏರಿಯಾದವರ ಲೆಕ್ಕಕ್ಕೆ ಹೋಗಿದೆ, ಇನ್ಸೆಂಟಿವ್ ಅವರಿಗೆ ಸಿಕ್ಕಿದೆ. ಉಳಿದ ಚೀಲ ಮಾತ್ರ ನಿಮ್ಮ ಹೆಸರಲ್ಲಿ ವಾಪಸ್.

ಇದನ್ನು ಹಿಡಿಯುವುದು ಲಾಟ್ ನಂಬರ್‌ನಿಂದ. ಬೀಜದ ಪ್ರತಿ ಚೀಲದ ಲೇಬಲ್ ಮೇಲೆ ಲಾಟ್ ನಂಬರ್ ಇರುತ್ತದೆ. ನಿಮ್ಮ ಏರಿಯಾಕ್ಕೆ ಹೋದ ಬಿಲ್‌ಗಳ ಲಾಟ್ ಪಟ್ಟಿಯನ್ನು ಡಿಪೋದಿಂದ ಕೇಳಿ. ರಿಟರ್ನ್‌ಗೆ ಕೊಟ್ಟ ಕ್ರೆಡಿಟ್ ನೋಟ್‌ಗಳ ಪಟ್ಟಿಯನ್ನೂ ಲಾಟ್ ಸಮೇತ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೊಂದಿಸಿ. ನಿಮ್ಮ ಯಾವ ಬಿಲ್ಲಿನಲ್ಲೂ ಇಲ್ಲದ ಲಾಟ್ ವಾಪಸ್ ಬಂದಿದ್ದರೆ ಅದು ನಿಮ್ಮ ಮಾರಾಟವಲ್ಲ. ಕ್ರೆಡಿಟ್ ನೋಟ್‌ನಲ್ಲಿ ಲಾಟ್ ಬರೆಯದೆ ಬರೀ ಚೀಲದ ಸಂಖ್ಯೆ ಹಾಕಿದ್ದರೆ ಡೀಲರ್ ಕೊಟ್ಟ ರಿಟರ್ನ್ ಚಲನ್‌ನ ಫೋಟೊ ತರಿಸಿಕೊಳ್ಳಿ.

ಎರಡನೆಯದು, ಮೊಳಕೆ ಸರಿಯಿಲ್ಲ ಎಂದು ಕಂಪನಿಯೇ ಹಿಂದಕ್ಕೆ ಕರೆಸಿಕೊಂಡ ಲಾಟ್. ಗೋವಿನಜೋಳದ ಹೈಬ್ರಿಡ್ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ 90% ಇರಬೇಕು ಎಂಬುದು ಮಾನದಂಡ. ಅದಕ್ಕಿಂತ ಕಡಿಮೆ ಬಂದ ಲಾಟನ್ನು ಕಂಪನಿ ಎತ್ತಿಕೊಂಡರೆ ಅದು ಉತ್ಪಾದನೆಯ ಸಮಸ್ಯೆ. ಫೀಲ್ಡ್‌ನವರು ಸೀಸನ್‌ಗೆ ಮೀರಿ ಅಂಗಡಿಗೆ ಮಾಲು ತುರುಕಿದ್ದಕ್ಕೆ ವಾಪಸ್ ಬಂದದ್ದು ಬೇರೆ, ಇದು ಬೇರೆ. ಸರಿಯಾಗಿ ಬರೆದ ಪ್ಲ್ಯಾನ್‌ನಲ್ಲಿ ಇಂಥ ರಿಟರ್ನ್‌ಗೆ ರಿಕವರಿ ಇರುವುದಿಲ್ಲ. ಕ್ರೆಡಿಟ್ ನೋಟ್‌ನಲ್ಲಿ ಕಾರಣ ಬರೆಯುವ ಜಾಗ ಇರುತ್ತದೆ, ಆದರೆ ಗೋದಾಮಿನಲ್ಲಿ ಎಲ್ಲದಕ್ಕೂ 'ಮಾರಾಟವಾಗದ ಮಾಲು' ಎಂದು ಒಂದೇ ಕಾರಣ ಒತ್ತಿಬಿಡುತ್ತಾರೆ.

ಹೀಗೆ ಜಾಲಾಡಿದಾಗ 14 ಲಕ್ಷದಲ್ಲಿ 3 ಲಕ್ಷ ಬೇರೆ ಏರಿಯಾದ ಬಿಲ್ಲಿನದು, 2 ಲಕ್ಷ ಹಿಂದಕ್ಕೆ ಕರೆಸಿಕೊಂಡ ಲಾಟಿನದು ಎಂದು ಸಿಕ್ಕಿತು ಎಂದುಕೊಳ್ಳಿ. ನಿಮ್ಮ ರಿಟರ್ನ್ 9 ಲಕ್ಷ, ಮಾರಾಟ 41 ಲಕ್ಷ. ಇನ್ಸೆಂಟಿವ್ 40,000 ಮತ್ತು 1 ಲಕ್ಷಕ್ಕೆ 2,000, ಒಟ್ಟು 42,000. ರಿಕವರಿ 18,000. ಮೇಲ್‌ನಲ್ಲಿ ಬಂದ 28,000ಕ್ಕೂ ಇದಕ್ಕೂ 10,000 ರೂಪಾಯಿ ಅಂತರ.

ತಕರಾರು ಹೇಗೆ ಹಾಕುವುದು

ಪ್ಲ್ಯಾನ್‌ನ ಕೊನೆಯ ಪುಟಗಳಲ್ಲಿ ತಕರಾರಿಗೆ ಇಷ್ಟು ದಿನ ಎಂದು ಬರೆದಿರುತ್ತದೆ. 15 ದಿನ, 30 ದಿನ, ಹೀಗೆ. ಆ ದಿನಗಳ ಎಣಿಕೆ ಲೆಕ್ಕದ ಮೇಲ್ ಬಂದ ದಿನದಿಂದ ಶುರುವಾಗುತ್ತದೋ, ಸಂಬಳದಲ್ಲಿ ಮುರಿದ ದಿನದಿಂದಲೋ ನೋಡಿ. ಸಂಬಳ ಬರಲಿ ನೋಡೋಣ ಎಂದು ಕಾಯ್ದವರಿಗೆ ಅವಧಿ ಮುಗಿದಿದೆ ಎಂಬ ಉತ್ತರ ಸಿಗುವುದು ಹೀಗೆಯೇ. ಏರಿಯಾ ಮ್ಯಾನೇಜರ್ ಫೋನಿನಲ್ಲಿ 'ನಾ ಮಾತಾಡ್ತೀನಿ ಬಿಡ್ರಿ' ಅಂದದ್ದು ತಕರಾರು ಹಾಕಿದ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಹೇಳಿ, ಜೊತೆಗೆ ಪ್ಲ್ಯಾನ್‌ನಲ್ಲಿ ಕೊಟ್ಟ ವಿಳಾಸಕ್ಕೆ ಮೇಲ್ ಕಳಿಸಿ, ಅವರನ್ನು ಪ್ರತಿಯಲ್ಲಿಡಿ.

ಮೇಲ್ ಚಿಕ್ಕದಿರಲಿ. ನೀವು ಒಪ್ಪುವ ಮೊತ್ತ ಎಷ್ಟು, ಒಪ್ಪದ್ದು ಎಷ್ಟು, ಯಾಕೆ ಎಂಬುದು ಮೂರ್ನಾಲ್ಕು ಸಾಲಿನಲ್ಲಿ ಬರಬೇಕು:

"ಮುಂಗಾರು ಇನ್ಸೆಂಟಿವ್ ರಿಕವರಿ 28,000 ಎಂದು ತಿಳಿಸಿದ್ದೀರಿ. 18,000 ನನಗೆ ಒಪ್ಪಿಗೆ. 4,000 ದರದ ತಪ್ಪು, 2% ಸಿಕ್ಕಿದ್ದು 10 ಲಕ್ಷಕ್ಕೆ ಮಾತ್ರ. ಉಳಿದ 6,000 ಲಗತ್ತಿಸಿದ ಪಟ್ಟಿಯ ಲಾಟ್‌ಗಳಿಗೆ ಸಂಬಂಧಿಸಿದ್ದು, ಅವು ನನ್ನ ಬಿಲ್‌ಗಳಲ್ಲಿಲ್ಲ ಅಥವಾ ಕಂಪನಿ ಹಿಂಪಡೆದವು. ಇತ್ಯರ್ಥವಾಗುವವರೆಗೆ ಈ 10,000 ಮುರಿಯಬಾರದಾಗಿ ವಿನಂತಿ."

ಒಪ್ಪುವ ಭಾಗವನ್ನು ಮೊದಲೇ ಒಪ್ಪಿಕೊಂಡರೆ ಅಕೌಂಟ್ಸ್‌ನವರು ಓದುತ್ತಾರೆ. ಪೂರ್ತಿ 28,000 ಅನ್ಯಾಯ ಎಂದು ಬರೆದರೆ ಪೂರ್ತಿ ಕಡತ ಪಕ್ಕಕ್ಕೆ ಹೋಗುತ್ತದೆ.

ಮುರಿಯುವಾಗಲೂ ಒಂದು ಮಿತಿ ಇದೆ. ವೇತನ ಸಂಹಿತೆ 2019ರ ಪ್ರಕಾರ ಒಂದು ಸಂಬಳದ ಅವಧಿಯಲ್ಲಿ ಎಲ್ಲ ಕಡಿತ ಸೇರಿ ವೇತನದ 50% ಮೀರುವಂತಿಲ್ಲ. ಪಿಎಫ್‌ನಂಥ ಕಡಿತಗಳೂ ಈ ಅರ್ಧದೊಳಗೇ ಬರುತ್ತವೆ. ತಿಂಗಳ ವೇತನ 30,000 ಇದ್ದರೆ 18,000ವನ್ನು ಒಂದೇ ಸಲ ಮುರಿಯಲು ಬರುವುದಿಲ್ಲ. ಎರಡು ಮೂರು ಕಂತು ಮಾಡಿ ಎಂದು ಕೇಳಿ. ಆದರೆ ಕಂತು ಮಾರ್ಚ್ ದಾಟದಂತೆ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ 60,000ಕ್ಕೆ ತೆರಿಗೆ ಮುರಿದಿದ್ದರೆ, ಅದೇ ಆರ್ಥಿಕ ವರ್ಷದಲ್ಲಿ ರಿಕವರಿ ಆದಾಗ ಉಳಿದ ತಿಂಗಳುಗಳ ತೆರಿಗೆ ಕಡಿತ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಏಪ್ರಿಲ್ ಬಂದ ಮೇಲೆ ಆ ಹೊಂದಾಣಿಕೆ ಅಷ್ಟು ಸಲೀಸಲ್ಲ.

ನಿಮ್ಮಲ್ಲಿ ಹೊಸ ವರ್ಷದ ಪ್ಲ್ಯಾನ್ ಬರೆಯುವಾಗ ಫೀಲ್ಡ್‌ನವರ ಅಭಿಪ್ರಾಯ ಕೇಳುವ ಪದ್ಧತಿ ಇದ್ದರೆ ಈ ಮಾತನ್ನು ಹಾಗೆಯೇ ಸೇರಿಸಲು ಹೇಳಿ: "ರಿಟರ್ನ್ ಕಳೆದ ನಿವ್ವಳ ಮಾರಾಟದ ಮೇಲೆ ಅದೇ ಸ್ಲ್ಯಾಬ್‌ಗಳಲ್ಲಿ ಮರುಲೆಕ್ಕ ಮಾಡಿ, ಕೊಟ್ಟ ಮೊತ್ತಕ್ಕೂ ಮರುಲೆಕ್ಕದ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹಿಂಪಡೆಯಲಾಗುವುದು."

ಕೊನೆಗೆ, ಜನವರಿಯಲ್ಲಿ ಹಿಂಗಾರಿನ ಲೆಕ್ಕ ಬಂದಾಗ ಮೊದಲು ನೋಡಬೇಕಾದದ್ದು ಇದು. ಕ್ರೆಡಿಟ್ ನೋಟ್‌ನ ದಿನಾಂಕ ಅಕ್ಟೋಬರ್. ಸಾಫ್ಟ್‌ವೇರ್ ದಿನಾಂಕ ನೋಡಿ ಅದನ್ನು ಹಿಂಗಾರಿನ ಮಾರಾಟದಿಂದಲೂ ಕಳೆದುಬಿಡುತ್ತದೆ. ಮುಂಗಾರಿನ ಇನ್ಸೆಂಟಿವ್‌ನಲ್ಲಿ ಒಮ್ಮೆ ಮುರಿದಾಗಿದೆ, ಅದೇ ಮಾಲು ಹಿಂಗಾರಿನ ಟಾರ್ಗೆಟ್ ಸಾಧನೆಯನ್ನೂ ಇಳಿಸಿದರೆ ಎರಡು ಸಲ ಕಳೆದಂತೆ. ಈಗ ತರಿಸಿಕೊಂಡ ಕ್ರೆಡಿಟ್ ನೋಟ್ ನಂಬರ್‌ಗಳ ಪಟ್ಟಿಯನ್ನು ಇಟ್ಟುಕೊಂಡಿರಿ, ಅವುಗಳಲ್ಲಿ ಒಂದೂ ಹಿಂಗಾರಿನ ಪಟ್ಟಿಯಲ್ಲಿ ಇರಬಾರದು.