ಅಟ್ಟದ ಮೇಲಿನ ತೂತಿನ ದಿಮ್ಮಿ: ಸವೆತ ನೋಡಿ ಕೆಲಸ ಗುರುತಿಸುವುದು

ಕೊಡಗಿನ ಹಳೇ ಮನೆಗಳ ಅಟ್ಟ ಖಾಲಿ ಮಾಡುವಾಗ ಒಂದು ಸಾಮಾನು ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಕಾಲುಗಳಿರುವ ಮರದ ದಿಮ್ಮಿ, ನಡುವೆ ಗುಂಡನೆಯ ತೂತು, ತೂತಿನ ತಳದಲ್ಲಿ ಸಣ್ಣ ರಂಧ್ರಗಳ ಹಿತ್ತಾಳೆ ಬಿಲ್ಲೆ. ಒಂದು ತುದಿಯಲ್ಲಿ ಎರಡು ಗೂಟ, ಅವುಗಳಲ್ಲಿ ಅಡ್ಡತೂತು. ಉಳಿದ ಭಾಗಗಳು ಕಳೆದುಹೋಗಿರುತ್ತವೆ. ಎಣ್ಣೆ ಹಿಂಡುವುದಕ್ಕೆ ಇತ್ತೇನೋ ಎಂದು ಮನೆಯವರ ಊಹೆ.

ಮೊದಲು ತೊಳೆಯಬೇಡಿ, ವಾರ್ನಿಶ್ ಹಚ್ಚಬೇಡಿ. ಸಾಕ್ಷಿ ಇರುವುದೇ ಆ ಕೊಳೆಯಲ್ಲಿ.

ಗೂಟದ ಅಡ್ಡತೂತಿಗೆ ಓರೆಯಾಗಿ ಟಾರ್ಚ್ ಬಿಡಿ. ಅದು ಮೇಲಂಚಿನಲ್ಲಿ ಮಾತ್ರ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಅಲ್ಲಿ ಬರೀ ಭಾರ ಕೂತಿದ್ದರೆ ಕೆಳಗಿನ ಅಂಚು ಸವೆಯಬೇಕಿತ್ತು. ಮೇಲಂಚು ಸವೆಯಬೇಕಾದರೆ ಅಲ್ಲಿ ಸನ್ನೆಕೋಲಿನ ಒಂದು ತುದಿ ಸಿಕ್ಕಿಕೊಂಡಿರಬೇಕು, ಇನ್ನೊಂದು ತುದಿಯನ್ನು ಯಾರೋ ಕೆಳಕ್ಕೆ ಅದುಮಿರಬೇಕು. ಗೂಟದಿಂದ ನಡುವಿನ ತೂತಿಗೆ 8 ಇಂಚು, ಕೋಲು 4 ಅಡಿ ಎಂದುಕೊಳ್ಳಿ. ಕೈಯಲ್ಲಿ 20 ಕಿಲೋ ಅದುಮಿದರೆ ತೂತಿನೊಳಗೆ 120 ಕಿಲೋ ಬೀಳುತ್ತದೆ, ಮಿಕ್ಕ 100 ಕಿಲೋ ಗೂಟವನ್ನು ಮೇಲಕ್ಕೆ ಎಳೆಯುತ್ತದೆ. ಕೋಲು ದಿಮ್ಮಿಯ ಕಾಲುಗಳಾಚೆಗೆ ಚಾಚಿದ್ದರೆ ಗೂಟದ ಕಡೆ ಎದ್ದುಬಿಡುತ್ತದೆ. ಹಾಗಾಗಿ ಆ ಕಡೆ ಒಬ್ಬರು ಕೂತೋ ಕಾಲಿಟ್ಟೋ ಹಿಡಿಯಬೇಕು. ಅಲ್ಲಿ ಮರ ನುಣುಪಾಗಿ ಹೊಳೆಯುತ್ತಿದೆಯೇ ಎಂದು ಕೈಯಾಡಿಸಿ ನೋಡಿ.

ಇನ್ನು ನಡುವಿನ ತೂತು. ಒಳಗೋಡೆಯ ಗೀರುಗಳು ನೆಟ್ಟಗೆ ಮೇಲಿಂದ ಕೆಳಕ್ಕಿದ್ದರೆ ಒಳಗೆ ಒತ್ತುವ ಕೊರಡು ನೇರ ಇಳಿದಿದೆ. ಸುತ್ತುಗೀರುಗಳಿದ್ದರೆ ತಿರುಚುವ ಒತ್ತು. ಎಣ್ಣೆ ಕುಡಿದ ಮರವಾದರೆ ಕಪ್ಪಾಗಿ, ಧೂಳು ಅಂಟಿ, ಬಿಸಿಲಿಗಿಟ್ಟಾಗ ಕಮಟು ವಾಸನೆ ಬರುತ್ತದೆ. ಹಿಂಡಿಯಂತೂ ಇಷ್ಟು ಸಣ್ಣ ರಂಧ್ರಗಳನ್ನು ಕಟ್ಟಿಹಾಕುತ್ತದೆ. ವಾಸನೆಯಿಲ್ಲ, ಬಿಲ್ಲೆಯ ಸಂದಿನಲ್ಲಿ ಒಣಗಿದ ಬಿಳಿ ಪೊರೆ ಇದೆ ಎಂದರೆ ಅದು ನೂಪುಟ್ಟಿನ, ಅಂದರೆ ಅಕ್ಕಿ ಶಾವಿಗೆಯ, ಒರಳೇ ಇರಬೇಕು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆ ಆರುತ್ತಾ ಗಟ್ಟಿಯಾಗುತ್ತದೆ, ಬಿಸಿಯಿರುವಾಗಲೇ ಒತ್ತಬೇಕು. ಅದಕ್ಕೇ ಅಷ್ಟು ಉದ್ದದ ಕೋಲು.

ಖಚಿತಪಡಿಸಿಕೊಳ್ಳಲು ಆ ಪೊರೆಯನ್ನು ಸೂಜಿಯಿಂದ ಚೂರು ಕೆರೆದು ಬಿಳಿ ಪಿಂಗಾಣಿ ತಟ್ಟೆಗೆ ಹಾಕಿ, ಒಂದು ಹನಿ ನೀರು, ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಕಡುನೀಲಿ ಬಂದರೆ ಪಿಷ್ಟವಿದೆ. ಕಾಗದದ ಮೇಲೆ ಮಾಡಬೇಡಿ, ಬಹಳಷ್ಟು ಕಾಗದಕ್ಕೇ ಪಿಷ್ಟ ಹಾಕಿರುತ್ತಾರೆ. ಮರದ ತೊಗಟೆಯೊಳಗಿನ ಹೊರಪದರದಲ್ಲೂ ಪಿಷ್ಟ ಇರುವುದುಂಟು. ಆದ್ದರಿಂದ ಕಾಲಿನ ಅಡಿಯಿಂದಲೂ ಚೂರು ಕೆರೆದು ಪಕ್ಕದಲ್ಲೇ ಪರೀಕ್ಷಿಸಿ. ಎರಡೂ ಒಂದೇ ಥರ ನೀಲಿಯಾದರೆ ಆ ಪರೀಕ್ಷೆ ಏನನ್ನೂ ಹೇಳಲಿಲ್ಲ. ನೀಲಿ ಬಂದರೂ ಅದು ಅಕ್ಕಿಯೋ ರಾಗಿಯೋ ಎಂದು ತಿಳಿಯುವುದಿಲ್ಲ.

ದಿಮ್ಮಿಯ ಮೇಲ್ಮೈಯಲ್ಲಿ ಕತ್ತಿಯ ಕಚ್ಚುಗಳು ಕಂಡು ಇದು ಮಾಂಸ ಕೊಚ್ಚುವ ಕೊರಡು ಎನ್ನುವವರಿದ್ದಾರೆ. ಕಚ್ಚುಗಳು ಗೂಟದ ಕಡೆ ಕೂತು ಆದ ನುಣುಪನ್ನು ಕಡಿದುಕೊಂಡು ಹೋಗಿವೆಯೇ ನೋಡಿ. ಹಾಗಿದ್ದರೆ ಕಚ್ಚು ಆಮೇಲಿನದು: ಒರಳಾಗಿ ದುಡಿದ ಮೇಲೆ ಕೊಚ್ಚುಮಣೆಯಾಗಿದೆ. ಕುಟ್ಟೆಹುಳದ ತೂತುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಅವಕ್ಕೂ ಬಳಕೆಗೂ ಸಂಬಂಧವಿಲ್ಲ.