ಸ್ಟ್ರಾಂಗು ಲೈಟು ಎರಡೂ ಆಸಿಡ್ ಬೆರೆಸಿದ್ರೆ ಮಧ್ಯದ ನಂಬರ್ ಯಾಕೆ ಬರಲ್ಲ?

ಮಂಡ್ಯದಿಂದ ಸೆಕೆಂಡ್ ಪಿಯು ಓದ್ತಿರೋ ಹುಡುಗಿ ಒಬ್ಳು ಕೇಳಿರೋ ಪ್ರಶ್ನೆ ಇದು: "ಸರ್, 0.5 M ಹೈಡ್ರೋಕ್ಲೋರಿಕ್ ಆಸಿಡ್ 300 ಎಂಎಲ್, 2 M ಹೈಡ್ರೋಕ್ಲೋರಿಕ್ ಆಸಿಡ್ 100 ಎಂಎಲ್, ಎರಡೂ ಸೇರಿಸಿದ್ರೆ ಕೊನೆಗೆ ಮೊಲಾರಿಟಿ ಎಷ್ಟು? ನಾನು ಎರಡನ್ನೂ ಕೂಡಿ ಅರ್ಧ ಮಾಡಿ 1.25 ಅಂತ ಬರೆದೆ, ಆನ್ಸರ್ ಕೀನಲ್ಲಿ 0.875 ಇದೆ. ಫಾರ್ಮುಲಾಗೆ ಹಾಕಿದ್ರೆ ಬರತ್ತೆ, ಆದ್ರೆ ಯಾಕೆ ಅಂತ ಅರ್ಥ ಆಗ್ತಿಲ್ಲ." ಮೈಸೂರಲ್ಲಿ ಟ್ಯೂಷನ್‌ಗೆ ಬರೋ ಮಕ್ಕಳಲ್ಲೂ ಸುಮಾರು ಜನ ಇದೇ ಜಾಗದಲ್ಲಿ ನಿಂತ್ಕೊಳ್ತಾರೆ, ಅದ್ಕೆ ಸ್ವಲ್ಪ ಬಿಡಿಸಿ ಬರೀತಿದೀನಿ.

ನೋಡಮ್ಮಾ, ಮೊಲಾರಿಟಿ ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನೋ ಲೆಕ್ಕ, ಬಾಟಲಿ ಒಳಗೆ ಒಟ್ಟು ಎಷ್ಟು ಆಸಿಡ್ ಇದೆ ಅಂತ ಅದು ಹೇಳಲ್ಲ. 2 M ಅಂತ ಲೇಬಲ್ ಇರೋ ಒಂದು ಹನಿನೂ 2 M, ಒಂದು ಕ್ಯಾನ್ ತುಂಬ ಇದ್ರೂ 2 M. ನೀನು ಎರಡು ಮೊಲಾರಿಟಿ ಕೂಡಿ ಎರಡರಿಂದ ಭಾಗಿಸಿದಾಗ ಎಷ್ಟೆಷ್ಟು ಎಂಎಲ್ ಹಾಕಿದೀವಿ ಅನ್ನೋದು ಲೆಕ್ಕದಿಂದ ಹೊರಗೇ ಉಳೀತು. ಒಂದು ಸೆಕ್ಷನ್‌ನಲ್ಲಿ 60 ಮಕ್ಕಳು, ಸರಾಸರಿ 40 ಮಾರ್ಕ್ಸು, ಇನ್ನೊಂದರಲ್ಲಿ 20 ಮಕ್ಕಳು, ಸರಾಸರಿ 80 ಅಂತಿಟ್ಕೋ, ಎರಡೂ ಸೆಕ್ಷನ್ ಸೇರಿಸಿದ್ರೆ ಸರಾಸರಿ 60 ಬರಲ್ಲ, 50 ಬರತ್ತೆ, ಯಾಕಂದ್ರೆ 40ರ ಕಡೆ ಜನ ಜಾಸ್ತಿ ಇದಾರೆ. ಇಲ್ಲೂ ಹಾಗೇನೇ, 0.5ರ ಕಡೆ ಎಂಎಲ್ ಜಾಸ್ತಿ ಇದೆ.

ಬೆರೆಸಿದಾಗ ಬದಲಾಗದೇ ಉಳಿಯೋದು ಮೋಲ್ ಮಾತ್ರ. ಒಂದೇ ಆಸಿಡ್ ಆದ್ರಿಂದ ಒಂದರ ಜೊತೆ ಇನ್ನೊಂದು ರಿಯಾಕ್ಟ್ ಆಗಲ್ಲ, ಇದ್ದಿದ್ದೆಲ್ಲಾ ಹಾಗೇ ಇರತ್ತೆ, ಹಾಗಾಗಿ ಮೋಲ್‌ಗಳನ್ನ ಧೈರ್ಯವಾಗಿ ಕೂಡಬಹುದು. ಮೊಲಾರಿಟಿನ ಎಂಎಲ್‌ನಿಂದ ಗುಣಿಸಿದ್ರೆ ಮಿಲಿಮೋಲ್ ಸಿಗತ್ತೆ, ಪ್ರತಿ ಸಲ ಲೀಟರ್‌ಗೆ ತಿರುಗಿಸೋ ಗೋಜೇ ಇಲ್ಲ. ಮೊದಲನೇದ್ರಲ್ಲಿ 0.5 × 300 = 150 ಮಿಲಿಮೋಲ್, ಎರಡನೇದ್ರಲ್ಲಿ 2 × 100 = 200 ಮಿಲಿಮೋಲ್, ಒಟ್ಟು 350. ಇದೆಲ್ಲಾ ಈಗ 400 ಎಂಎಲ್‌ನಲ್ಲಿ ಹರಡಿಕೊಂಡಿದೆ, 350 ಭಾಗಿಸು 400, ಬಂತು 0.875 M. ನಿಮ್ಮ ಫಾರ್ಮುಲಾ ಇಷ್ಟನ್ನೇ ಹೇಳ್ತಿರೋದು:

M = (M₁V₁ + M₂V₂) / (V₁ + V₂)

ಮೇಲಿರೋದು ಒಟ್ಟು ಮೋಲ್, ಕೆಳಗಿರೋದು ಒಟ್ಟು ಜಾಗ. ಎರಡೂ ಕಡೆ ವಾಲ್ಯೂಮ್ ಸಮ ಇದ್ದಾಗ ಮಾತ್ರ ನಿನ್ನ ಅರ್ಧ ಮಾಡೋ ಲೆಕ್ಕ ಸರಿ ಹೋಗತ್ತೆ. ಎರಡನೇ ಬಾಟಲಿಯಲ್ಲಿ ಬರೀ ನೀರಿದ್ರೆ M₂ ಸೊನ್ನೆ, ಆಗ ಇದೇ ಫಾರ್ಮುಲಾ ಡೈಲ್ಯೂಷನ್ ಫಾರ್ಮುಲಾ ಆಗತ್ತೆ, ಅದನ್ನ ಬೇರೆ ಬಾಯಿಪಾಠ ಮಾಡೋದೇ ಬೇಡ. ಆದ್ರೆ ಎರಡನೇದ್ರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇದ್ರೆ ಇದನ್ನ ಮುಟ್ಟಬಾರ್ದು, ಅಲ್ಲಿ ಆಸಿಡ್ಡು ಬೇಸು ಒಂದನ್ನೊಂದು ತಿಂದು ಹಾಕ್ತವೆ, ಮೋಲ್ ಕೂಡೋ ಬದಲು ಕಳೀಬೇಕು.

ಪೇಪರ್ ಮೇಲಿನ ಲೆಕ್ಕ ನಂಬಿಕೆ ಬರದಿದ್ರೆ ಲ್ಯಾಬ್‌ನಲ್ಲೇ ನೋಡಬಹುದು. ಬೆರೆಸಿದ ಆಸಿಡ್‌ನ ಚೆನ್ನಾಗಿ ಕಲಕಿ, ಪಿಪೆಟ್‌ನಲ್ಲಿ 10 ಎಂಎಲ್ ತಗೊಂಡು ಕೋನಿಕಲ್ ಫ್ಲಾಸ್ಕ್‌ಗೆ ಬಿಟ್ಟು, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯುರೆಟ್‌ನಿಂದ 0.5 M ಸೋಡಿಯಂ ಹೈಡ್ರಾಕ್ಸೈಡ್ ಬಿಡ್ತಾ ಹೋಗು. 0.875 ನಿಜ ಆಗಿದ್ರೆ ಆ 10 ಎಂಎಲ್‌ನಲ್ಲಿ 8.75 ಮಿಲಿಮೋಲ್ ಆಸಿಡ್ ಇದೆ, ಅಂದ್ರೆ ಬ್ಯುರೆಟ್ 17.5ರ ಹತ್ರ ಬಂದಾಗ ತಿಳಿ ಗುಲಾಬಿ ಬಣ್ಣ ಬಂದು ನಿಲ್ಲಬೇಕು. 1.25 ಸರಿ ಆಗಿದ್ದಿದ್ರೆ 25 ಎಂಎಲ್‌ವರೆಗೂ ಹೋಗಬೇಕಿತ್ತು. ಏಳೂವರೆ ಎಂಎಲ್ ವ್ಯತ್ಯಾಸ ಅಂದ್ರೆ ರೀಡಿಂಗ್ ತಗೊಳ್ಳೋವಾಗ ಕಣ್ಣು ಮೇಲೆ ಕೆಳಗೆ ಆಯ್ತು ಅಂತ ಹೇಳೋಷ್ಟು ಚಿಕ್ಕದಲ್ಲ. ಬೆರೆಸಿದ ಮೇಲೆ ಸರಿಯಾಗಿ ಕಲಕದೇ ಪಿಪೆಟ್ ಹಾಕಿದ್ರೆ ಮಾತ್ರ ರೀಡಿಂಗ್ ಒಂದ್ಸಲ ಒಂದೊಂದು ಥರ ಬರತ್ತೆ, ಹಾಗಾದ್ರೆ ಲೆಕ್ಕನ ಅನುಮಾನಿಸೋಕೆ ಮುಂಚೆ ಫ್ಲಾಸ್ಕ್ ಇನ್ನೊಂದು ಸಲ ಅಲ್ಲಾಡಿಸಿ ನೋಡು.

ಉತ್ತರ ಬಂದ ಮೇಲೆ ಅದು ಎಲ್ಲಿ ಕೂತಿದೆ ಅಂತ ನೋಡೋ ಅಭ್ಯಾಸ ಇಟ್ಕೋ, ಇದು ನನಗೆ ಬಹಳ ಇಷ್ಟವಾದ ಭಾಗ. 0.875 ಅನ್ನೋದು 0.5ರಿಂದ 0.375 ದೂರ, 2ರಿಂದ 1.125 ದೂರ, ಅಂದ್ರೆ ದೂರಗಳು 1ಕ್ಕೆ 3. ವಾಲ್ಯೂಮ್ 300ಕ್ಕೆ 100, ಅಂದ್ರೆ 3ಕ್ಕೆ 1. ಯಾರದು ವಾಲ್ಯೂಮ್ ಮೂರು ಪಟ್ಟು ಜಾಸ್ತಿನೋ ಅವರಿಗೆ ಉತ್ತರ ಮೂರು ಪಟ್ಟು ಹತ್ರ. ಇದನ್ನೇ ಉಲ್ಟಾ ಬಳಸಿದ್ರೆ "300 ಎಂಎಲ್ 0.5 M ಇದೆ, ಅದನ್ನ 1 M ಮಾಡೋಕೆ 2 M ಎಷ್ಟು ಹಾಕಬೇಕು" ಅನ್ನೋ ಪ್ರಶ್ನೆಗೂ ಉತ್ತರ ಸಿಗತ್ತೆ: 1 ಅನ್ನೋದು 0.5ರಿಂದ 0.5 ದೂರ, 2ರಿಂದ 1 ದೂರ, ಹಾಗಾದ್ರೆ 0.5ರ ವಾಲ್ಯೂಮ್ ಎರಡು ಪಟ್ಟು ಇರಬೇಕು, ಅಂದ್ರೆ 2 M ಹಾಕಬೇಕಾದ್ದು 150 ಎಂಎಲ್. ಉತ್ತರ ಎರಡು ಮೊಲಾರಿಟಿಗಳ ಆಚೆ ಹೋಯ್ತು, 2.5 ಅಂತಲೋ 0.35 ಅಂತಲೋ ಬಂತು ಅಂದ್ರೆ ಎಲ್ಲೋ ಭಾಗಿಸೋದು ಬಿಟ್ಟಿದೀಯ ಅಥವಾ ಎಂಎಲ್ಲು ಲೀಟರ್ರು ಕಲಸಿದೀಯ.

ಇನ್ನು ಒಂದು ಮಾತು, 300ಕ್ಕೆ 100 ಸೇರಿಸಿದ್ರೆ 400 ಎಂಎಲ್ ಆಗೇ ಆಗತ್ತೆ ಅಂತ ನಾವು ಒಪ್ಕೊಂಡುಬಿಟ್ಟಿದೀವಿ. ಇಂಥ ತೆಳು ದ್ರಾವಣಗಳಲ್ಲಿ ಅದು ಹೆಚ್ಚುಕಮ್ಮಿ ನಿಜಾನೇ, ಪರೀಕ್ಷೆಯಲ್ಲಂತೂ ಬೇರೆ ಏನೂ ಹೇಳದಿದ್ರೆ ಹಾಗೇ ತಗೋಬೇಕು. ಗಟ್ಟಿ ದ್ರಾವಣಗಳಿಗೆ ಬಂದ್ರೆ ಮಾತ್ರ ಈ ನಂಬಿಕೆ ಕೆಲಸಕ್ಕೆ ಬರಲ್ಲ. 50 ಎಂಎಲ್ ಎಥನಾಲ್‌ಗೆ 50 ಎಂಎಲ್ ನೀರು ಸೇರಿಸಿದ್ರೆ 100 ಆಗಲ್ಲ, 96-97ರ ಆಸುಪಾಸಿಗೆ ನಿಲ್ಲತ್ತೆ, ಅಣುಗಳು ಒಂದಕ್ಕೊಂದು ಒತ್ತಿಕೊಂಡು ಕಮ್ಮಿ ಜಾಗದಲ್ಲಿ ಕೂತ್ಕೊಳ್ತವೆ. 98% ಸಲ್ಫ್ಯೂರಿಕ್ ಆಸಿಡ್, ಅಂದ್ರೆ ಸುಮಾರು 18 M, ಅದನ್ನ ತೆಳು ಸಲ್ಫ್ಯೂರಿಕ್ ಆಸಿಡ್ ಜೊತೆ ಬೆರೆಸಿದ್ರೂ ವಾಲ್ಯೂಮ್ ಕುಗ್ಗತ್ತೆ, ಮೇಲಾಗಿ ಫ್ಲಾಸ್ಕು ಬಿಸಿನೂ ಆಗತ್ತೆ, ಅಲ್ಲಿ ಯಾವಾಗ್ಲೂ ಗಟ್ಟಿದನ್ನೇ ತೆಳುವಿಗೆ ನಿಧಾನಕ್ಕೆ ಹಾಕಬೇಕು, ಉಲ್ಟಾ ಮಾಡಿದ್ರೆ ಸಿಡಿಯತ್ತೆ. ಜಾಗ ಕುಗ್ಗಿದ್ರೂ ಮೋಲ್ ಅಷ್ಟೇ ಇರೋದ್ರಿಂದ ನಿಜವಾದ ಮೊಲಾರಿಟಿ ಫಾರ್ಮುಲಾ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಬರತ್ತೆ.

ಅದಕ್ಕೇ ಲ್ಯಾಬ್‌ನವರು V₁ + V₂ ನೆಚ್ಚಿಕೊಳ್ಳಲ್ಲ. ಎರಡನ್ನೂ ಬೆರೆಸಿ, ರೂಮಿನ ಬಿಸಿಗೆ ಬರೋವರೆಗೂ ಆರಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗೆರೆವರೆಗೂ ಡಿಸ್ಟಿಲ್ಡ್ ವಾಟರ್ ತುಂಬಿಸ್ತಾರೆ, ಆಮೇಲೆ ಭಾಗಿಸೋದು ಆ ಗೆರೆಯ ವಾಲ್ಯೂಮ್‌ನಿಂದ. ನಿನ್ನ ಲೆಕ್ಕದ 350 ಮಿಲಿಮೋಲ್‌ನ 500 ಎಂಎಲ್ ಫ್ಲಾಸ್ಕ್‌ನಲ್ಲಿ ಗೆರೆಗೆ ತಂದ್ರೆ ಉತ್ತರ 0.7 M, ಮಧ್ಯದಲ್ಲಿ ಎಷ್ಟು ಕುಗ್ಗಿತ್ತು ಅನ್ನೋದು ಆಗ ಲೆಕ್ಕಕ್ಕೇ ಬರಲ್ಲ. ಪ್ರಶ್ನೆಯಲ್ಲಿ "ಒಟ್ಟು ವಾಲ್ಯೂಮ್ ಇಷ್ಟಕ್ಕೆ ತರಲಾಯಿತು" ಅನ್ನೋ ಸಾಲು ಕಂಡ್ರೆ ಕೆಳಗೆ ಬರೀಬೇಕಾದ್ದು 400 ಅಲ್ಲ, ಆ ಸಾಲಲ್ಲಿರೋ ನಂಬರ್.